ಕೆರೆ ಹೂಳಿಗೆ ಬಂದ ಹನ್ನೊಂದು ಲಕ್ಷ: ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು

ದುಡ್ಡು ಕಳಿಸಿದವರಿಗೆ, ಟ್ರ್ಯಾಕ್ಟರ್ ಕೊಟ್ಟವರಿಗೆ, ಬಿಸಿಲಲ್ಲಿ ನಿಂತು ಲೋಡ್ ಎಣಿಸಿದ ಹುಡುಗರಿಗೆ ಮೊದಲು ಕೈಮುಗಿಯುತ್ತೇನೆ. ಚಿಂತಾಮಣಿ ಸೀಮೆಯ ನಮ್ಮೂರ ಕೆರೆಯ ಹೂಳೆತ್ತುವ ನಿಧಿಯನ್ನು ಮುಚ್ಚಿದ್ದೇವೆ. ಬಂದದ್ದು ಹತ್ತಿರ ಹತ್ತಿರ 11.2 ಲಕ್ಷ. ಖರ್ಚಾದದ್ದು 9.5 ಲಕ್ಷ. ಉಳಿದ 1.7 ಲಕ್ಷ ಟ್ರಸ್ಟಿನ ಖಾತೆಯಲ್ಲಿದೆ. ಪೈಸೆ ಲೆಕ್ಕ ಬೇಕಾದವರಿಗೆ ಪುಸ್ತಕ ಪಂಚಾಯ್ತಿ ಕಟ್ಟೆಯಲ್ಲೇ ಸಿಗುತ್ತದೆ. ಇಲ್ಲಿ ನೆನಪಿನಲ್ಲಿರುವಷ್ಟು ಬರೆಯುತ್ತೇನೆ. ಅಕ್ಕಪಕ್ಕದ ಊರಿನ ಕೆರೆ ಸಮಿತಿಯವರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ, ಅವರಿಗೂ ಇದೇ ಉತ್ತರ.

ಶುರುವಿನಲ್ಲಿ ಎಲ್ಲರೂ ಮಾಡುವ ಹಾಗೆ ದೇಣಿಗೆ ಎತ್ತುವ ಒಂದು ಜಾಲತಾಣದಲ್ಲಿ ಹಾಕಿದೆವು. ಬಿರುಕು ಬಿಟ್ಟ ಕೆರೆ ಅಂಗಳದ ಫೋಟೋ, ಕಣ್ಣೀರು ತರಿಸುವ ನಾಲ್ಕು ಸಾಲು. ತಿಂಗಳು ಕಳೆದರೂ ನಲವತ್ತು ಸಾವಿರ ದಾಟಲಿಲ್ಲ. ಅದರಲ್ಲಿ ಅವರ ಶುಲ್ಕ, ಶುಲ್ಕದ ಮೇಲೆ ಜಿಎಸ್‌ಟಿ. ಉಳಿದದ್ದು ಕೈಗೆ ಬರಲು ಇನ್ನಷ್ಟು ವಾರ. ಊರಲ್ಲಿ ಹಿರಿಯರು ಆಗಲೇ ಹೇಳಿದ್ದರು, "ಕೆರೆ ಸರ್ಕಾರದ್ದಪ್ಪಾ, ಅದಕ್ಕೆ ಯಾರು ದುಡ್ಡು ಬಿಚ್ತಾರೆ?"

ದುಡ್ಡು ಬಿಚ್ಚಿಸಿದ್ದು ಗಂಟೆಯ ಲೆಕ್ಕ. ಹಿಟಾಚಿಯನ್ನು ಡೀಸೆಲ್ ನಮ್ಮದೇ ಅನ್ನುವ ಕರಾರಿನಲ್ಲಿ ತಂದೆವು. ಬಾಡಿಗೆ ಗಂಟೆಗೆ ಒಂಬೈನೂರರ ಆಸುಪಾಸು, ಡೀಸೆಲ್ ಹನ್ನೆರಡು ಹದಿಮೂರು ಲೀಟರ್. ಎರಡೂ ಸೇರಿ ಸುಮಾರು 2,000 ರೂಪಾಯಿ. ಆ ಒಂದು ಗಂಟೆಯಲ್ಲಿ ಇಪ್ಪತ್ತು ಟ್ರೈಲರ್ ಹೂಳು ಹೊರಗೆ ಹೋಗುತ್ತದೆ. ಟ್ರೈಲರಿಗೆ ಮೂರು ಘನ ಮೀಟರ್ ಅಂದರೆ ಗಂಟೆಗೆ ಅರವತ್ತು, ಅಂದರೆ ಅರವತ್ತು ಸಾವಿರ ಲೀಟರ್ ನೀರಿಗೆ ಜಾಗ. "ಕೆರೆ ಉಳಿಸಿ" ಅಂತ ಕೇಳುವುದನ್ನು ಬಿಟ್ಟು "ನಿಮ್ಮ ಹೆಸರಲ್ಲಿ ಒಂದು ಗಂಟೆ ಓಡಿಸುತ್ತೇವೆ" ಅಂತ ಕೇಳಿದೆವು. ಬೆಳಗ್ಗೆ ಯಂತ್ರ ಸ್ಟಾರ್ಟ್ ಮಾಡುವ ಮೊದಲು ಮೀಟರಿನ ಫೋಟೋ, ಸಂಜೆ ನಿಲ್ಲಿಸಿದ ಮೇಲೆ ಇನ್ನೊಂದು, ಅದರ ಕೆಳಗೆ ಆ ದಿನದ ಗಂಟೆಗಳು ಯಾರ್‍ಯಾರವು ಅನ್ನುವ ಹೆಸರುಗಳು. ಒಂದು ದಿನವೂ ತಪ್ಪಿಸಲಿಲ್ಲ. ಊರು ಬಿಟ್ಟು ಬೆಂಗಳೂರು, ಹೊಸೂರು ಸೇರಿದ ನಮ್ಮ ಹುಡುಗ ಹುಡುಗಿಯರಿಂದಲೇ 5.6 ಲಕ್ಷ ಬಂತು. ಊರ ಮನೆಮನೆಯಿಂದ 2.1. ಉಳಿದ ಮೂರೂವರೆ ಲಕ್ಷ ಮುಖ ನೋಡದವರು ಆ ಫೋಟೋ ನೋಡಿ ಕೊಟ್ಟದ್ದು. ಈ ದಾರಿ ಕಂಡುಕೊಂಡದ್ದು ನಾವು ಅನ್ನುವ ಹೆಮ್ಮೆ ನನಗಿದೆ. ಬಾಡಿಗೆಯನ್ನು ಒಂಬೈನೂರಕ್ಕೆ ಇಳಿಸಿದ ಚೌಕಾಸಿಯ ಗುಟ್ಟು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷವೂ ಅದೇ ಮಾಲೀಕರ ಹತ್ತಿರ ಹೋಗಬೇಕು.

ಅಮೆರಿಕದಲ್ಲಿರುವ ಕೆಲವರ ಹಣವನ್ನು ವಾಪಸ್ ಕಳಿಸಿದ್ದಕ್ಕೆ ಬೇಸರ ಮಾಡಿಕೊಂಡಿದ್ದಾರೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮ್ಮ ಟ್ರಸ್ಟಿಗೆ ಇಲ್ಲ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದ್ದು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಹಣ ಮುಟ್ಟುವ ಮೊದಲೇ ಪಾಸ್‌ಪೋರ್ಟ್ ಯಾವುದು ಅಂತ ಕೇಳಿಬಿಡಿ.

ಇನ್ನು ಖರ್ಚು. ಹಿಟಾಚಿ ಓಡಿದ್ದು ಸುಮಾರು 330 ಗಂಟೆ, ಅದಕ್ಕೇ 6.8 ಲಕ್ಷ. ಯಂತ್ರವನ್ನು ಹೇರಿಕೊಂಡು ಬಂದು ಹೋದ ಬಾಡಿಗೆ 35 ಸಾವಿರ. ಅಂಗಳ ತುಂಬ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಲು ಜೆಸಿಬಿಗೆ 70 ಸಾವಿರ. ತೂಬಿನ ಕಲ್ಲುಕಟ್ಟಡ, ಹೊಸ ಷಟರ್ ಸೇರಿ 1.1 ಲಕ್ಷ. ಲೆಕ್ಕ ಬರೆದ, ರಾತ್ರಿ ಕಾದ ಹುಡುಗರಿಗೆ ನಲವತ್ತು ಸಾವಿರ, ಆಡಿಟ್ಟು ಮತ್ತು ಚಿಲ್ಲರೆಗೆ ಹದಿನೈದು.

ಮಣ್ಣು ಸಾಗಿಸಿದ್ದಕ್ಕೆ ನಿಧಿಯಿಂದ ಒಂದು ರೂಪಾಯಿಯೂ ಹೋಗಿಲ್ಲ, ಇಡೀ ಕೆಲಸದ ಜೀವ ಇರುವುದೇ ಅಲ್ಲಿ. ಅಗೆದು ತುಂಬುವುದು ನಮ್ಮದು, ಸಾಗಾಣೆ ರೈತನದ್ದು. ಲೋಡಿಗೆ ಇನ್ನೂರೈವತ್ತು ಮುನ್ನೂರು ರೂಪಾಯಿ ಟ್ರ್ಯಾಕ್ಟರಿನವನಿಗೆ ರೈತನೇ ಕೊಟ್ಟ. "ಮಣ್ಣಿಗೆ ಯಾರು ದುಡ್ಡು ಕೊಡ್ತಾರೆ" ಅಂದವರೇ ಕೊನೆಗೆ ಸಾಲಿನಲ್ಲಿ ನಿಂತರು. ಇಟ್ಟಿಗೆ ಗೂಡಿನವರು, ಲೇಔಟಿನವರು ಒಳ್ಳೆಯ ರೇಟು ಹೇಳಿಕೊಂಡು ಬಂದರು, ಒಪ್ಪಲಿಲ್ಲ. ಪಹಣಿ ತೋರಿಸಿದ ರೈತನಿಗೆ ಸರ್ವೆ ನಂಬರ್ ಬರೆದ ಚೀಟಿ, ಚೀಟಿ ಇದ್ದರೆ ಮಾತ್ರ ಲೋಡ್.

ತೊಂದರೆ ಕೊಟ್ಟದ್ದು ಟ್ರ್ಯಾಕ್ಟರುಗಳ ಸಂಖ್ಯೆ. ಎಂಜಿನ್ ಸುಮ್ಮನೆ ಗುರುಗುಟ್ಟುತ್ತ ನಿಂತರೂ ಹಿಟಾಚಿಯ ಮೀಟರ್ ಓಡುತ್ತಲೇ ಇರುತ್ತದೆ. ಮೊದಲ ವಾರ ಮೀಟರನ್ನೂ ಲೋಡ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಂಟೆಗೆ ಹನ್ನೆರಡೇ ಲೋಡ್. ಯಂತ್ರಕ್ಕೆ ಒಂದು ಟ್ರೈಲರ್ ತುಂಬಲು ಮೂರು ನಿಮಿಷ, ಟ್ರ್ಯಾಕ್ಟರ್ ಹೊಲಕ್ಕೆ ಹೋಗಿ ಸುರಿದು ಬರಲು ಇಪ್ಪತ್ತೈದು. ಅಲ್ಲಿಗೆ ಒಂಬತ್ತು ಹತ್ತು ಟ್ರ್ಯಾಕ್ಟರ್ ಇಲ್ಲದಿದ್ದರೆ ದಾನಿಗಳ ದುಡ್ಡು ಹೊಗೆಯಾಗಿ ಹೋಗುತ್ತದೆ. ಹಿಂದಿನ ರಾತ್ರಿಯೇ ಅಷ್ಟು ಗಾಡಿ ಖಾತ್ರಿಯಾಗದಿದ್ದರೆ ಮರುದಿನ ಯಂತ್ರ ಹಚ್ಚುವುದಿಲ್ಲ ಅಂತ ಕಟ್ಟು ಮಾಡಿದ ಮೇಲೆ ಇಪ್ಪತ್ತಕ್ಕೆ ಏರಿತು.

ಅಗೆತವನ್ನು ಕಣ್ಣಳತೆಯಲ್ಲೇ ಕಾದೆವು. ಏರಿಯ ಬುಡದಿಂದ ನಲವತ್ತು ಅಡಿ ಯಂತ್ರ ಸುಳಿಯಬಾರದು. ಹೂಳು ಕಪ್ಪುಬೂದು ಬಣ್ಣ, ಒಣಗಿದರೆ ಹೆಂಟೆ ಹೆಂಟೆಯಾಗಿ ಏಳುತ್ತದೆ. ಬಕೆಟ್ಟಿಗೆ ಹಳದಿ ಮಿಶ್ರಿತ ಗರಸು ಸಿಕ್ಕಿತೆಂದರೆ ಹೂಳು ಮುಗಿದು ಹಳೆಯ ನೆಲ ಬಂತು, ಅಲ್ಲಿಗೆ ನಿಲ್ಲಿಸಬೇಕು. ಗರಸು ಹೊಲಕ್ಕೂ ಬೇಡ. ಯುಗಾದಿ ಆದಮೇಲೆ ಹಿಡಿದ ಕೆಲಸವನ್ನು ರೋಹಿಣಿ ಮಳೆ ಬಿದ್ದ ದಿನ ಬಿಟ್ಟೆವು. ಆರು ಸಾವಿರದ ಐನೂರು ಲೋಡ್ ಹೋಗಿರಬೇಕು, ಅಂದರೆ ಎರಡು ಕೋಟಿ ಲೀಟರಿನ ಜಾಗ.

ನನ್ನ ಹೊಲದಲ್ಲೊಂದು ಪ್ರಯೋಗವೂ ಆಯಿತು. ಮರಳು ಮಿಶ್ರಿತ ಕೆಂಪು ಮಣ್ಣಿನ ಒಂದೆಕರೆಗೆ ಎರಡಂಗುಲ ದಪ್ಪ ಬರುವಂತೆ ಅರವತ್ತೈದು ಲೋಡ್ ಗೋಡು, ಅಂದರೆ ಕೆರೆಯ ಹೂಳು, ಹೊಡೆಸಿದೆ, ಪಕ್ಕದ ಎಕರೆಯನ್ನು ಹಾಗೇ ಬಿಟ್ಟೆ. ಎರಡಕ್ಕೂ ರಾಗಿ. ನಡುವೆ ಮಳೆ ಕೈಕೊಟ್ಟಾಗ ಬರಿ ಎಕರೆಯ ಪೈರು ಮಧ್ಯಾಹ್ನಕ್ಕೆ ಸೊರಗಿ ಸುರುಳಿಕೊಳ್ಳುತ್ತಿತ್ತು, ಗೋಡು ಹಾಕಿದ್ದು ಇನ್ನೊಂದು ವಾರ ತಡೆಯಿತು. ಇಳುವರಿ ಮೂರು ಚೀಲ ಹೆಚ್ಚು. ಆದರೆ ಗೋಡನ್ನು ಬೇಸಿಗೆಯಲ್ಲೇ ಹರಡಿ ಹೆಂಟೆ ಒಡೆಯಬೇಕು. ತಡವಾಗಿ ಹೊಡೆಸಿದ ಒಬ್ಬರ ಟೊಮೇಟೊ ತೋಟದಲ್ಲಿ ಹೆಂಟೆ ಕಲ್ಲಾಗಿ ಸಸಿ ಹಿಡಿಯಲೇ ಇಲ್ಲ. ಎರೆ ಹೊಲದವರು ಗೋಡಿಗೆ ದುಡ್ಡು ಹಾಕುವುದು ಬೇಡ.

ಮುಂದಿನದು ಕಾಲುವೆ. ಜಾಗ ಮಾಡಿದ್ದೇವೆ, ನೀರು ಬರಬೇಕಲ್ಲ! ಮೇಲಿನಿಂದ ಕೆರೆಗೆ ಬರುವ ಕಾಲುವೆ ಎರಡು ಕಿಲೋಮೀಟರ್ ಇದೆ, ನಡುವೆ ಎರಡು ಕಡೆ ಹೊಲದೊಳಗೆ ಸೇರಿಹೋಗಿದೆ. ಸರ್ವೆಗೆ ಅರ್ಜಿ ಹಾಕಿದ್ದೇವೆ. ಗಡಿ ಗುರುತಾಗುವವರೆಗೆ ಯಾರ ಹೊಲಕ್ಕೂ ಯಂತ್ರ ಇಳಿಸುವುದಿಲ್ಲ, ಜಗಳವಾದರೆ ಕೆರೆಯೂ ನಿಲ್ಲುತ್ತದೆ. ಒತ್ತುವರಿಯಿಲ್ಲದ ಉದ್ದವನ್ನು ಉದ್ಯೋಗ ಖಾತರಿಯಲ್ಲಿ ಕೈಕೆಲಸವಾಗಿ ಹಿಡಿಯಲು ಪಂಚಾಯ್ತಿಯವರನ್ನು ಕೇಳಿದ್ದೇವೆ. ಉಳಿದ 1.7 ಲಕ್ಷದಲ್ಲಿ ಕಾಲುವೆ ಕೆರೆ ಸೇರುವಲ್ಲಿ ಹೂಳು ತಡೆಯುವ ಗುಂಡಿ, ನೀರುಗಂಟಿಯ ಒಂದು ವರ್ಷದ ಸಂಬಳ ಆಗುತ್ತದೆ. ಸದ್ಯಕ್ಕೆ ಯಾರೂ ಹಣ ಕಳಿಸಬೇಡಿ, ಕ್ಯೂಆರ್ ಕೋಡ್ ನಿಲ್ಲಿಸಿದ್ದೇವೆ. 80ಜಿ ರಸೀದಿಗೆ ಪಾನ್ ನಂಬರ್ ಕೊಡದವರು ಈ ತಿಂಗಳೊಳಗೆ ಕೊಡಿ. ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗದು, ಅವರಿಗೆ ಊರಿನ ರಸೀದಿ ಮಾತ್ರ.