ರೆಸ್ಯೂಮ್‌ನಲ್ಲಿ ಹವ್ಯಾಸ, ಪ್ರಶಸ್ತಿ ಬರೀಬೇಕಾ? ನಾನು ಬರೆದಿದ್ದು ಹೀಗೆ

ಬೆಂಗಳೂರಲ್ಲೇ ಬಿಕಾಂ ಮುಗಿಸಿ ಒಂದು ಕಂಪನೀಲಿ ವೆಂಡರ್ ಬಿಲ್ ಪ್ರೊಸೆಸಿಂಗ್ ಮಾಡ್ತಿದ್ದೆ ನಾನು, ಅಕೌಂಟ್ಸ್ ಪೇಯಬಲ್ ಅಂತಾರಲ್ಲ ಅದು. ಅಲ್ಲಿಂದ ಡೇಟಾ ಕ್ವಾಲಿಟಿ ಅನಲಿಸ್ಟ್ ಕೆಲಸಕ್ಕೆ ಹೋಗ್ಬೇಕು ಅಂತ ರೆಸ್ಯೂಮ್ ಹೊಸದಾಗಿ ಮಾಡೋಕೆ ಕೂತಾಗ ಹೆಚ್ಚು ಹೊತ್ತು ಹಿಡಿದಿದ್ದು ಎಲ್ಲಕ್ಕಿಂತ ಕೆಳಗೆ ಬರೋ ಹವ್ಯಾಸ, ಪ್ರಶಸ್ತಿ ಅನ್ನೋ ಭಾಗ. ಯಾಕಂದ್ರೆ ನನ್ನ ಅನುಭವ ಓದಿದವರಿಗೆ ಬಿಲ್ಲು, ಇನ್‌ವಾಯ್ಸು, ಎಕ್ಸೆಲ್ಲು ಇಷ್ಟೇ ಕಾಣ್ತಿತ್ತು. ಡೇಟಾದಲ್ಲಿ ಏನೋ ಸರಿ ಇಲ್ಲ ಅನ್ನೋದು ಇವಳ ಕಣ್ಣಿಗೆ ಬೀಳತ್ತಾ, ಬಿದ್ಮೇಲೆ ಹೋಗ್ಲಿ ಬಿಡು ಅಂತ ಬಿಟ್ಬಿಡ್ತಾಳಾ ಇಲ್ಲ ಮೂಲ ಹುಡುಕ್ತಾಳಾ, ಆ ಕೆಲಸಕ್ಕೆ ಬೇಕಾಗಿದ್ದೇ ಈ ಗುಣ, ಅದೇ ನನ್ನ ಕಾಗದದ ಮೇಲೆ ಎಲ್ಲೂ ಇರ್ಲಿಲ್ಲ.

ಹಾಗಾಗಿ ನಾನು ಇಟ್ಕೊಂಡ ಅಳತೆ ಒಂದೇ. ಈ ಕೆಲಸ ಕೊಡೋರಿಗೆ ನನ್ನ ಬಗ್ಗೆ ಇರೋ ಪ್ರಶ್ನೆಗೆ ಮೇಲಿನ ಭಾಗದಲ್ಲಿ ಉತ್ತರ ಸಿಗದೇ ಇದ್ದು, ಹವ್ಯಾಸದಲ್ಲೋ ಪ್ರಶಸ್ತಿಯಲ್ಲೋ ಆ ಉತ್ತರ ಇದ್ರೆ ಮಾತ್ರ ಅದಕ್ಕೆ ಜಾಗ. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನವರು ಕೊಡೋ ಫಾರ್ಮ್ಯಾಟ್‌ನಲ್ಲಿ ಹಾಡು ಕೇಳೋದು, ಟ್ರಾವೆಲಿಂಗ್, ಪುಸ್ತಕ ಓದೋದು, ಕ್ರಿಕೆಟ್ ನೋಡೋದು ಅಂತ ಇರತ್ತಲ್ಲ, ಅದ್ರಲ್ಲಿ ಯಾವುದೂ ಸುಳ್ಳಲ್ಲ, ಆದ್ರೆ ಅದನ್ನ ಓದಿದವರಿಗೆ ಮನುಷ್ಯ ಎಂಥವರು ಅಂತ ಗೊತ್ತಾಗಲ್ಲ, ಪಕ್ಕದ ರೆಸ್ಯೂಮ್‌ಗೆ ಕತ್ತರಿಸಿ ಅಂಟಿಸಿದ್ರೂ ನಡೆಯತ್ತೆ. ನಂಗೂ ಹಾಡು ಅಂದ್ರೆ ಪ್ರಾಣ, ಆದ್ರೂ ಅದನ್ನ ಹಾಕ್ಲಿಲ್ಲ.

ನಾನು ಇಟ್ಕೊಂಡಿದ್ದು ಪಕ್ಷಿ ನೋಡೋದು. ನಮ್ಮನೆ ಹೆಬ್ಬಾಳದ ಹತ್ರ, ಬೆಳಿಗ್ಗೆ ಕೆರೆ ಕಡೆ ಹೋಗೋದು ಮೊದಲಿಂದ ಅಭ್ಯಾಸ, ನೋಡಿದ ಹಕ್ಕಿಗಳ ಪಟ್ಟಿಯನ್ನ ಇ-ಬರ್ಡ್ ಅಂತ ಪಕ್ಷಿ ನೋಡೋರು ತಾವು ಕಂಡಿದ್ದನ್ನ ದಾಖಲಿಸೋ ವೆಬ್‌ಸೈಟ್ ಇದೆ, ಅದಕ್ಕೆ ಹಾಕ್ತೀನಿ. ಬರೀ 'ಪಕ್ಷಿ ವೀಕ್ಷಣೆ' ಅಂತ ಬರೆದ್ರೆ ಅದೂ ಹಾಡು ಕೇಳೋದರ ಸಾಲಿಗೇ ಹೋಗತ್ತೆ. ಈ ಹವ್ಯಾಸದಲ್ಲಿ ನಾನು ನಿಜವಾಗ್ಲೂ ಏನು ಮಾಡ್ತೀನಿ ಅಂತ ಯೋಚನೆ ಮಾಡ್ದಾಗ ಬೇಕಾಗಿದ್ದೆಲ್ಲ ಅಲ್ಲೇ ಇತ್ತು. ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸೋ ಮುಂಚೆ ಒಂದು ಪ್ರಶ್ನೆ ಬರತ್ತೆ, ನೀವು ಗುರುತಿಸೋಕೆ ಆದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ. ಕಾಗೆ, ಪಾರಿವಾಳ ಯಾಕೆ ಬರೀಲಿ ಅಂತ ಬಿಟ್ಟು, ಚೆನ್ನಾಗಿರೋದನ್ನ ಮಾತ್ರ ಹಾಕಿದ್ರೆ 'ಇಲ್ಲ' ಅಂತಾನೇ ಒತ್ತಬೇಕು. ಆಮೇಲೆ, ಎಣಿಸಿದ್ರೆ ಸಂಖ್ಯೆ ಹಾಕ್ಬೇಕು, ಇತ್ತು ಆದ್ರೆ ಎಣಿಸ್ಲಿಲ್ಲ ಅಂದ್ರೆ X ಅಂತ ಹಾಕ್ಬೋದು. ಆ ಜಾಗದಲ್ಲಿ, ಆ ತಿಂಗಳಲ್ಲಿ ಅಪರೂಪ ಅನ್ನೋ ಹಕ್ಕಿ ಹಾಕಿದ್ರೆ ಅದಕ್ಕೆ ವಿವರ ಕೇಳತ್ತೆ, ರಿವ್ಯೂ ಮಾಡೋ ಸ್ವಯಂಸೇವಕರು ಮೇಲ್ ಮಾಡಿ ಫೋಟೊ ಇದೆಯಾ, ಬಾಲ ಹೇಗಿತ್ತು, ಕೂಗು ಕೇಳಿದ್ರಾ ಅಂತ ಕೇಳೋದೂ ಉಂಟು. ಇದೆಲ್ಲ ಡೇಟಾ ಕ್ವಾಲಿಟಿ ಕೆಲಸವೇ ಅಲ್ವಾ? ಗೊತ್ತಿಲ್ಲದ ಕಡೆ ಊಹೆಯ ನಂಬರ್ ತುಂಬದೇ ಇರೋದು, ಯಾರಾದ್ರೂ ಪ್ರಶ್ನೆ ಕೇಳಿದ್ರೆ ಆಧಾರ ತೋರಿಸೋದು.

ರೆಸ್ಯೂಮ್‌ನಲ್ಲಿ ಇಂಗ್ಲಿಷಲ್ಲಿ ಇದ್ದ ಸಾಲನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗಿತ್ತು: "2019ರಿಂದ ಹೆಬ್ಬಾಳ ಕೆರೆಯಲ್ಲಿ ನಿಯಮಿತವಾಗಿ ಪಕ್ಷಿ ಎಣಿಕೆ, ಪೂರ್ತಿ ಪಟ್ಟಿಗಳನ್ನು ಇ-ಬರ್ಡ್‌ಗೆ ಸಲ್ಲಿಕೆ, ಅಪರೂಪದ ದಾಖಲೆಗಳಿಗೆ ಫೋಟೊ ಮತ್ತು ಟಿಪ್ಪಣಿಯೊಂದಿಗೆ ವಿವರಣೆ." ತಾಳ್ಮೆ, ಶಿಸ್ತು, ಸೂಕ್ಷ್ಮ ದೃಷ್ಟಿ ಅನ್ನೋ ಪದ ಒಂದೂ ಹಾಕ್ಲಿಲ್ಲ. ಯಾವಾಗಿಂದ, ಎಲ್ಲಿ, ಏನು ಮಾಡ್ತೀನಿ, ಅದನ್ನ ಬೇರೆಯವರು ಯಾರು ನೋಡ್ತಾರೆ, ಇಷ್ಟನ್ನ ಬರೆದ್ರೆ ಗುಣವನ್ನ ಓದುವವರೇ ಕಂಡ್ಕೋತಾರೆ, ನಾವೇ ಹೇಳ್ಕೊಂಡ್ರೆ ನಂಬೋದು ಕಷ್ಟ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ನೇರವಾಗಿ ಈ ಸಾಲಿಗೇ ಬಂದ್ರು. "ನೀವು ಹಕ್ಕಿ ಎಣಿಸ್ತೀರಿ ಅಂತ ಇದೆ, ಒಂದೇ ಹಕ್ಕೀನ ಎರಡು ಸಲ ಎಣಿಸಿಲ್ಲ ಅಂತ ಹೇಗೆ ಗೊತ್ತಾಗತ್ತೆ?" ಅಂದ್ರು. ಸರ್, ಪೂರ್ತಿ ಖಚಿತ ಆಗಲ್ಲ ಅಂತಾನೇ ಶುರು ಮಾಡ್ದೆ. ಹೆಜ್ಜಾರ್ಲೆ ಥರದ ದೊಡ್ಡ ಹಕ್ಕಿ ಕೆರೆ ಮೇಲೆ ಸುತ್ತು ಹಾಕ್ತಾ ಮತ್ತೆ ಮತ್ತೆ ಎದುರಿಗೆ ಬರತ್ತೆ, ಹಾಗಾಗಿ ಬಂದಾಗೆಲ್ಲ ಕೂಡಿಸ್ತಾ ಹೋಗಲ್ಲ, ಒಂದೇ ಹೊತ್ತಲ್ಲಿ ಕಂಡ ಅತಿ ಹೆಚ್ಚು ಸಂಖ್ಯೆ ಯಾವುದೋ ಅದನ್ನ ತಗೋತೀನಿ. ನೀರುಕಾಗೆ ದೊಡ್ಡ ಗುಂಪಲ್ಲಿ ಹಾರಿದ್ರೆ ಒಂದೊಂದೇ ಎಣಿಸೋಕೆ ಆಗಲ್ಲ, ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ನೋಡ್ಕೊಂಡು, ಅಂಥ ಎಷ್ಟು ಭಾಗ ಇದೆ ಅಂತ ಲೆಕ್ಕ ಹಾಕ್ತೀನಿ, ಮತ್ತೆ ಅದು ಅಂದಾಜು ಅಂತ ಟಿಪ್ಪಣೀಲಿ ಬರೀತೀನಿ. ಅಲ್ಲಿಂದ ಮಾತು ಡೂಪ್ಲಿಕೇಟ್ ರೆಕಾರ್ಡ್‌ಗೆ ಹೋಯ್ತು, ಅದು ನಂಗೆ ಬೇಕಾಗಿದ್ದ ಜಾಗವೇ, ಯಾಕಂದ್ರೆ ನನ್ನ ಪ್ರಶಸ್ತಿ ಬಂದಿದ್ದೂ ಅದಕ್ಕೇ.

ಪ್ರಶಸ್ತಿ ವಿಷಯ ಹೇಳ್ತೀನಿ. ಹಳೇ ಕಂಪನೀಲಿ ನಂಗೆ 'ಸ್ಟಾರ್ ಆಫ್ ದ ಕ್ವಾರ್ಟರ್' ಸಿಕ್ಕಿತ್ತು. ಈ ಹೆಸರು ಹೊರಗಿನವರಿಗೆ ಏನೂ ಹೇಳಲ್ಲ, ಬೆಂಗಳೂರಲ್ಲಿ ಆಫೀಸಿಗೊಂದು ಸ್ಟಾರ್, ಸ್ಪಾಟ್, ಚಾಂಪಿಯನ್ ಅವಾರ್ಡ್ ಇದ್ದೇ ಇರತ್ತೆ. ಅದರ ಹಿಂದಿನ ಕೆಲಸ ಮಾತ್ರ ಗಟ್ಟಿ ಇತ್ತು. ಒಬ್ಬ ವೆಂಡರ್ ಒಂದೇ ಬಿಲ್ಲನ್ನ ಒಂದ್ಸಲ INV-0457 ಅಂತ, ಇನ್ನೊಂದ್ಸಲ INV/457 ಅಂತ ಕಳಿಸಿದ್ರು, ಸಿಸ್ಟಮ್ ನಂಬರ್ ಅಕ್ಷರಕ್ಕೆ ಅಕ್ಷರ ಒಂದೇ ಇದ್ರೆ ಮಾತ್ರ ತಡೀತಿತ್ತು, ಹಾಗಾಗಿ ಎರಡೂ ಒಳಗೆ ಹೋಗಿ ಪೇಮೆಂಟ್ ಸಾಲಲ್ಲಿ ನಿಂತಿತ್ತು. ಮೊತ್ತ, ತಾರೀಖು, ಜಿಎಸ್‌ಟಿ ನಂಬರ್ ಒಂದೇ ಇರೋದು ನೋಡಿ ನಿಲ್ಲಿಸ್ದೆ, ಆಮೇಲೆ ಇನ್‌ವಾಯ್ಸ್ ನಂಬರಿಂದ ಗೆರೆ, ಸ್ಲ್ಯಾಶ್, ಮುಂದಿನ ಸೊನ್ನೆ ಎಲ್ಲ ತೆಗೆದು ಹೋಲಿಸೋ ಒಂದು ಎಕ್ಸೆಲ್ ಶೀಟ್ ಮಾಡಿ ವಾರಕ್ಕೊಂದು ಸಲ ಓಡಿಸೋಕೆ ಶುರು ಮಾಡ್ದೆ. ಆ ಕ್ವಾರ್ಟರ್‌ನ ಪ್ರಶಸ್ತಿ ಇದಕ್ಕೇ ಕೊಟ್ಟಿದ್ದು.

ಹಾಗಾಗಿ ಅದನ್ನ ಕೊನೇಲಿ ಪ್ರಶಸ್ತಿಗಳು ಅನ್ನೋ ತಲೆಬರಹದ ಕೆಳಗೆ ಒಂಟಿಯಾಗಿ ಬಿಡ್ಲಿಲ್ಲ, ಆ ಕಂಪನಿಯ ಕೆಲಸದ ಕೆಳಗೇ ಹಾಕ್ದೆ. ಮೊದಲು ಮಾಡಿದ ಕೆಲಸ, ಆಮೇಲೆ "ಇದಕ್ಕಾಗಿ ಇಡೀ ಟೀಮಿನಲ್ಲಿ ಒಬ್ಬರಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಪ್ರಶಸ್ತಿ" ಅಂತ, ಪಕ್ಕದಲ್ಲಿ ವರ್ಷ. ಯಾರು ಕೊಟ್ಟಿದ್ದು, ಎಷ್ಟು ಜನರಲ್ಲಿ ಎಷ್ಟು ಜನಕ್ಕೆ, ಯಾತಕ್ಕೆ, ಈ ಮೂರೂ ಹೇಳೋಕೆ ಆಗ್ದೇ ಇರೋ ಪ್ರಶಸ್ತಿ ನನ್ನ ಪ್ರಕಾರ ರೆಸ್ಯೂಮ್‌ಗೆ ಬೇಡ. ಎಲ್ಲರಿಗೂ ಕೊಡೋ ಪಾರ್ಟಿಸಿಪೇಷನ್ ಸರ್ಟಿಫಿಕೇಟ್, ಹಾಜರಾತಿಗೆ ಕೊಟ್ಟ ಕಪ್ಪು ಇವೆಲ್ಲ ಮನೆ ಷೋಕೇಸ್‌ನಲ್ಲಿ ಚೆಂದ.

ನನ್ನ ಚಿಕ್ಕಪ್ಪನ ಮಗಳು ಈ ವರ್ಷ ಡಿಗ್ರಿ ಮುಗಿಸಿದ್ಲು, ಅವಳ ಲೆಕ್ಕ ಸ್ವಲ್ಪ ಬೇರೆ. "ಅಕ್ಕ, ನಂಗೆ ಅನುಭವಾನೇ ಇಲ್ಲ, ಎಲ್ಲಾ ಹಾಕ್ಬಿಡ್ಲಾ?" ಅಂದ್ಲು. ಕೆಲಸದ ಅನುಭವ ಇಲ್ದೇ ಇರೋರಿಗೆ ಈ ಭಾಗ ಜಾಸ್ತಿ ಹೊರತ್ತೆ ನಿಜ, ಆದ್ರೆ ಎಲ್ಲಾ ಹಾಕೋದು ಬೇಡ ಕಣೇ ಅಂದೆ. ಅವಳು ಹೋಗ್ತಿದ್ದಿದ್ದು ಒಂದು ಲಾಜಿಸ್ಟಿಕ್ಸ್ ಕಂಪನಿಯ ಆಪರೇಷನ್ಸ್ ಕೆಲಸಕ್ಕೆ, ಶಿಫ್ಟ್ ಇರತ್ತೆ, ಗೋಡೌನ್ ಹುಡುಗರ ಜೊತೆ ಮಾತಾಡಿ ಕೆಲಸ ತೆಗೀಬೇಕು. ಎಂಟನೇ ಕ್ಲಾಸಿನ ಪ್ರಬಂಧ ಸ್ಪರ್ಧೆ, ರಂಗೋಲಿ ಬಹುಮಾನ ತೆಗೆಸ್ದೆ. ಬರೀ 'ಎನ್‌ಸಿಸಿ' ಅಂತಿದ್ದ ಜಾಗದಲ್ಲಿ 'ಸಿ' ಸರ್ಟಿಫಿಕೇಟ್, ಗ್ರೇಡು, ವರ್ಷ ಬರೆಸ್ದೆ, ಯಾಕಂದ್ರೆ ಎ, ಬಿ, ಸಿ ಅಂತ ಮೂರು ಹಂತದಲ್ಲಿ ಸಿ ಕೊನೇದು, ಗೊತ್ತಿರೋರಿಗೆ ಅದರ ತೂಕ ಗೊತ್ತಾಗತ್ತೆ. ಗೊತ್ತಿಲ್ಲದವರಿಗೋಸ್ಕರ ಕೆಳಗೆ ಕ್ಯಾಂಪಲ್ಲಿ ಅವಳು ಏನು ನೋಡ್ಕೊಂಡ್ಲು ಅಂತ ಒಂದು ಸಾಲು: ಊಟದ ಸಾಮಾನಿನ ಲೆಕ್ಕ, ಯಾರು ಯಾವ ಹೊತ್ತಿಗೆ ಡ್ಯೂಟಿ ಅನ್ನೋ ಪಟ್ಟಿ. ಆ ಕೆಲಸಕ್ಕೆ ಅದಕ್ಕಿಂತ ಹತ್ತಿರದ್ದು ಅವಳ ಹತ್ರ ಬೇರೆ ಇರ್ಲಿಲ್ಲ.

ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದನ್ನ ಹಾಕ್ಬೇಕಾ ಬೇಡ್ವಾ ಅಂತ ಇಬ್ರೂ ತುಂಬಾ ಮಾತಾಡಿದ್ವಿ. ಅವಳು ಹಾಡೋದು ಬಿಟ್ಟು ವರ್ಷಗಳಾಗಿತ್ತು. ಈಗ ಯಾವ ಕೃತಿ ಕಲೀತಿದ್ದೀರಾ, ಯಾವ ರಾಗ ಇಷ್ಟ ಅಂತ ಎದುರಿಗೆ ಕೂತವರು ಕೇಳಿದ್ರೆ ಮುಂದೆ ಮಾತು ಬರಲ್ಲ ಅಂತ ಅವಳೇ ಹೇಳಿದ್ಲು, ತೆಗೆದ್ವಿ. ಐದು ನಿಮಿಷ ಸಲೀಸಾಗಿ ಮಾತಾಡೋಕೆ ಆಗದ್ದನ್ನ ಇಟ್ಟರೆ ಮೇಲೆ ಬರೆದಿರೋ ನಿಜದ ಮೇಲೂ ಅನುಮಾನ ಬರತ್ತೆ, ಇದು ನಾನು ಈ ಕಡೆ ಕೂತು ಇಂಟರ್‌ವ್ಯೂ ತಗೊಳ್ಳುವಾಗ ಕಣ್ಣಾರೆ ನೋಡಿರೋದು.

ಇನ್ನೊಂದು ಮಾತು, ಹವ್ಯಾಸದ ಸಾಲು ಗುಣ ಮಾತ್ರ ಅಲ್ಲ, ನಾವು ಎಂಥ ಮನೆಯಿಂದ ಬಂದೋರು ಅನ್ನೋದನ್ನೂ ತೋರಿಸ್ಬಿಡತ್ತೆ. ಲಾರೆನ್ ರಿವೇರಾ, ಆಂಡ್ರಾಸ್ ಟಿಲ್ಚಿಕ್ ಅನ್ನೋ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅಮೆರಿಕದ ದೊಡ್ಡ ಲಾ ಫರ್ಮ್‌ಗಳಿಗೆ ಕಾಲ್ಪನಿಕ ರೆಸ್ಯೂಮ್ ಕಳಿಸಿದ್ರು, ಓದು, ಅನುಭವ ಎಲ್ಲ ಸಮ, ಹವ್ಯಾಸ, ಪ್ರಶಸ್ತಿ ಥರದ ಸಣ್ಣ ವಿವರಗಳು ಮಾತ್ರ ಬೇರೆ. ಒಂದರಲ್ಲಿ ಹಾಯಿದೋಣಿ, ಪೋಲೋ, ಶಾಸ್ತ್ರೀಯ ಸಂಗೀತ, ಇನ್ನೊಂದರಲ್ಲಿ ಓಟ, ಫುಟ್‌ಬಾಲ್, ಕಂಟ್ರಿ ಮ್ಯೂಸಿಕ್. ಶ್ರೀಮಂತ ಹವ್ಯಾಸ ಇದ್ದ ಗಂಡಸಿನ ರೆಸ್ಯೂಮ್‌ಗೆ ಮಿಕ್ಕವರಿಗಿಂತ ತುಂಬಾ ಜಾಸ್ತಿ ಕರೆ ಬಂತು, ಅದೇ ಹವ್ಯಾಸ ಹೆಂಗಸಿನ ಹೆಸರಲ್ಲಿ ಹೋದಾಗ ಆ ಲಾಭ ಸಿಗ್ಲಿಲ್ಲ. ಇದು ಅನ್ಯಾಯ, ಆದ್ರೆ ಇದಕ್ಕೆ ಹೆದರಿ ಆಡದೇ ಇರೋ ಗಾಲ್ಫ್ ಬರೆಯೋದು ನಂಗೆ ಸರಿ ಅನ್ಸಲ್ಲ. ಓದುವವರ ರುಚಿಗೆ ಬಿಡೋ ಜಾಗ ಕಮ್ಮಿ ಮಾಡ್ಬೋದು ಅಷ್ಟೇ: ಹವ್ಯಾಸದ ಹೆಸರಿಗಿಂತ ಮಾಡಿದ ಕೆಲಸ ಜಾಸ್ತಿ ಬರೆದ್ರೆ ಅವರ ಕಣ್ಣು ಕೆಲಸದ ಮೇಲೆ ನಿಲ್ಲೋ ಸಾಧ್ಯತೆ ಹೆಚ್ಚು. ಪಕ್ಷ, ಜಾತಿ ಸಂಘ, ಮಠದ ಸೇವೆ ಇಂಥದ್ದನ್ನೂ ಇದೇ ಕಾರಣಕ್ಕೆ ನಾನು ಹೆಸರು ಬಿಟ್ಟು ಕೆಲಸ ಮಾತ್ರ ಬರೀತೀನಿ. ಅನ್ನದಾನದ ದಿನ ಲೈನು, ಸಾಮಾನು, ಸ್ವಯಂಸೇವಕರನ್ನ ನೋಡ್ಕೊಂಡಿದ್ರೆ ಅದು ಎಲ್ಲಿ ಅನ್ನೋದಕ್ಕಿಂತ ಹೇಗೆ ಅನ್ನೋದು ಮುಖ್ಯ.

ಈಗ ನಾನು ಕ್ವಾಲಿಟಿ ಕೆಲಸದಲ್ಲೇ ಇದ್ದೀನಿ, ಆ ಗುಣ ತೋರಿಸೋಕೆ ಆಫೀಸಿನ ಪ್ರಾಜೆಕ್ಟ್‌ಗಳೇ ಸಾಕಷ್ಟಿವೆ. ಹಾಗಾಗಿ ಹೊಸ ರೆಸ್ಯೂಮ್‌ನಲ್ಲಿ ಪಕ್ಷಿ ಸಾಲನ್ನ ಅರ್ಧಕ್ಕೆ ಇಳಿಸಿದ್ದೀನಿ, ಎರಡನೇ ಪುಟಕ್ಕೆ ಹೋಗೋ ಹಾಗಾದ್ರೆ ಮೊದಲು ತೆಗೆಯೋದೂ ಅದನ್ನೇ. ಟೀಮ್ ಲೀಡ್ ಪೋಸ್ಟ್‌ಗೆ ಹಾಕುವಾಗ ಅದರ ಬದಲು ಶನಿವಾರ ಹೊಸಬರಿಗೆ ಕೆರೆ ಹತ್ರ ಪಕ್ಷಿ ಗುರುತಿಸೋದು ಹೇಳ್ಕೊಡ್ತೀನಲ್ಲ, ಆ ಸಾಲು ಹಾಕ್ತೀನಿ, ಅಲ್ಲಿ ಕೇಳೋ ಪ್ರಶ್ನೆ ಬೇರೆ, ಹೇಳ್ಕೊಡೋ ತಾಳ್ಮೆ ಇದೆಯಾ ಅಂತ.