ಅಂಗಡಿ ಸಾಹುಕಾರರಿಗೆ ಅನಿಮೇಷನ್ ಜಾಹೀರಾತಿನ ಪ್ರಸ್ತಾವ ಪತ್ರ: ಬರೆಯುವುದು ಹೇಗೆ?

ಬಾಗಲಕೋಟೆಯಲ್ಲಿ ಇಳಕಲ್ ಸೀರೆ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಪಂಚಮಿ ಹಬ್ಬಕ್ಕೆ ಮಗಳು ತವರಿಗೆ ಬರುತ್ತಾಳೆ, ಸೀರೆ ವ್ಯಾಪಾರ ಜೋರು. ಆ ಸಾಹುಕಾರರಿಗೆ ಇಪ್ಪತ್ತು ಸೆಕೆಂಡಿನ ಅನಿಮೇಷನ್ ಜಾಹೀರಾತು ಮಾಡಿಕೊಡಲು ನೀವು ಪತ್ರ ಬರೆಯಬೇಕು. ಏನು ಮಾಡುತ್ತೀರಿ, ಎಷ್ಟು ದಿನ, ಎಷ್ಟು ಹಣ, ಈ ಮೂರೂ ಅದರಲ್ಲಿ ಇರಬೇಕು. ಅವರು ನಿಂತಲ್ಲೇ ಓದಿ ಮುಗಿಸಬೇಕು ಅಂದರೆ ಪತ್ರ ಒಂದೇ ಹಾಳೆಯಲ್ಲಿ ಹಿಡಿಯಬೇಕು.

ಈ ಮೂರನ್ನೂ ಹಿಡಿದಿಡುವುದು ಒಂದೇ ಸಂಗತಿ: ಸಾಹುಕಾರರು ಎಲ್ಲೆಲ್ಲಿ ‘ಹೂಂ’ ಅನ್ನಬೇಕು ಅನ್ನುವುದು. ಅದನ್ನು ನಾನು ಕೈ ಸುಟ್ಟುಕೊಂಡು ಕಲಿತೆ.

ನನ್ನ ಮೊದಲ ಸೀರೆ ಜಾಹೀರಾತಿನ ಪತ್ರದಲ್ಲಿ ‘ಬೇಕಾದ ಬದಲಾವಣೆ ಮಾಡಿಕೊಡುತ್ತೇವೆ’ ಎಂದು ಬರೆದಿದ್ದೆ. ಕೆಲಸ ಪೂರ್ತಿ ಮುಗಿಸಿ ಮೊಬೈಲಿನಲ್ಲಿ ತೋರಿಸಿದೆ. ಸಾಹುಕಾರರ ತಾಯಿ ನೋಡಿದರು. “ತಮ್ಮಾ, ಇದು ನಮ್ಮ ಸೆರಗಲ್ಲ. ಮೂರು ಕೆಂಪು, ಎರಡು ಬಿಳಿ ಇರಬೇಕು. ನೀ ತಿರುವಿ ಹಾಕೀಯಲ್ಲೋ” ಎಂದರು. ಅವರು ಹೇಳಿದ್ದು ನಿಜ. ಇಳಕಲ್ಲಿನ ತೆನಿ ಸೆರಗಿನಲ್ಲಿ ಕೆಂಪಿನ ಮೂರು ಭಾಗ, ನಡುನಡುವೆ ಬಿಳಿಯ ಎರಡು ಭಾಗ ಬರುತ್ತವೆ. ನಾನು ಬಿಳಿ ಮೂರು, ಕೆಂಪು ಎರಡು ಬರೆದಿದ್ದೆ. ಆ ಸೆರಗು ಗಾಳಿಗೆ ಹಾರುವ ದೃಶ್ಯ ನಾಲ್ಕು ಸೆಕೆಂಡಿನದು. ಸೆಕೆಂಡಿಗೆ 25 ಫ್ರೇಮಿನಂತೆ 100 ಫ್ರೇಮು. ಎರಡು ಫ್ರೇಮಿಗೆ ಒಂದು ಚಿತ್ರ ಎಂದರೂ 50 ಚಿತ್ರ. ಬಟ್ಟೆ ಮಡಿಚುತ್ತಾ ಹಾರುವಾಗ ಪ್ರತಿ ಚಿತ್ರವನ್ನೂ ಬೇರೆಯಾಗಿ ಬರೆಯಬೇಕು, ಒಂದನ್ನು ತಿದ್ದಿದರೆ ಉಳಿದವು ತಾವಾಗಿ ಬದಲಾಗುವುದಿಲ್ಲ. ಮೂರು ದಿನ ಕೂತು ಮತ್ತೆ ಬರೆದೆ. ಅದಕ್ಕೆ ಹಣ ಕೇಳಲು ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಇದೇ ತಪ್ಪು, ಬಣ್ಣ ಹಾಕಿದ ಚಿತ್ರ ಒಂದೇ ಇದ್ದಾಗ ಸಿಕ್ಕಿದ್ದರೆ ತಿದ್ದಲು ಅರ್ಧ ಗಂಟೆ ಸಾಕಿತ್ತು. ಆಮೇಲೆ ನಾನು ಬರೆದ ಪತ್ರಗಳಲ್ಲೆಲ್ಲ ಮೂರು ಒಪ್ಪಿಗೆಗಳು ಇವೆ.

ಮೊದಲು ಅಂಗಡಿಗೆ ಹೋಗಿ

ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ಹೆಚ್ಚು ಕೇಳಬೇಡಿ. ಜಾಹೀರಾತು ಯಾವ ದಿನದೊಳಗೆ ಬೇಕು? ಎಲ್ಲಿ ತೋರಿಸುತ್ತೀರಿ, ವಾಟ್ಸಾಪ್ ಸ್ಟೇಟಸ್ಸಿನಲ್ಲೋ, ಅಂಗಡಿಯ ಟಿವಿಯಲ್ಲೋ, ಕೇಬಲ್‌ನಲ್ಲೋ? ಕೊನೆಗೆ ‘ಹೂಂ’ ಅನ್ನುವವರು ಯಾರು? ಮೂರನೆಯದನ್ನು ಮರೆಯಲೇಬೇಡಿ. ಗಲ್ಲೆಯ ಮೇಲೆ ಮಗ ಕೂತಿರುತ್ತಾರೆ, ತೀರ್ಮಾನ ಅಪ್ಪನದು ಇರುತ್ತದೆ. ನನ್ನ ವಿಷಯದಲ್ಲಿ ಅಮ್ಮನದಾಗಿತ್ತು.

“ಅದೆಲ್ಲಾ ಇರಲಿ, ಎಷ್ಟಾಗ್ತದ ಅದನ್ನ ಮೊದಲ ಹೇಳ್ರಿ” ಎಂದು ಕೇಳಿಯೇ ಕೇಳುತ್ತಾರೆ. ನಿಂತಲ್ಲೇ ಅಂಕಿ ಹೇಳಿದರೆ ಆಮೇಲೆ ಅದೇ ಗಟ್ಟಿಯಾಗುತ್ತದೆ. “ನಾಡಿದ್ದು ಬರೆದು ತರ್ತೀನ್ರಿ ಸಾಹುಕಾರ್ರ, ಲೆಕ್ಕ ಬಿಡಿಸಿ ತೋರಿಸ್ತೀನಿ” ಎನ್ನಿ. ಹೇಳಿದ ದಿನ ಹೋಗಿ.

ಪತ್ರದ ಮೊದಲ ಸಾಲುಗಳು

ನಿಮ್ಮ ಪರಿಚಯದಿಂದ ಶುರು ಮಾಡಬೇಡಿ. ಅವರ ಅಂಗಡಿಯಿಂದ ಶುರು ಮಾಡಿ:

> ಮಾನ್ಯ ಸಾಹುಕಾರರಿಗೆ ನಮಸ್ಕಾರ. ಪಂಚಮಿಗೆ ಎರಡು ವಾರ ಮೊದಲು ನಿಮ್ಮ ಗಿರಾಕಿಗಳ ಮೊಬೈಲಿಗೆ ತಲುಪುವಂತೆ, ನಿಮ್ಮ ಅಂಗಡಿಯ ಇಳಕಲ್ ಸೀರೆಗಳ ಬಗ್ಗೆ 20 ಸೆಕೆಂಡಿನ ಒಂದು ಅನಿಮೇಷನ್ ಜಾಹೀರಾತು ಮಾಡಿಕೊಡಲು ಈ ಪತ್ರ.

ನಂತರ ಅದರಲ್ಲಿ ಏನು ಕಾಣುತ್ತದೆ ಎಂದು ನಾಲ್ಕು ಸಾಲು:

> ಮಗ್ಗದ ಮೇಲೆ ಮೈಯ ಎಳೆಗೆ ಸೆರಗಿನ ಕೆಂಪು ಎಳೆ ಕೊಂಡಿಯಾಗಿ ಸೇರುತ್ತದೆ. ಸೆರಗು ಬಿಚ್ಚಿಕೊಂಡು ಪರದೆ ತುಂಬುತ್ತದೆ. ಅದೇ ಸೀರೆ ಉಟ್ಟ ಮಗಳು ಜೋಕಾಲಿ ಆಡುತ್ತಾಳೆ. ಕೊನೆಗೆ ನಿಮ್ಮ ಅಂಗಡಿಯ ಮುಂಭಾಗ, ಹೆಸರು, ವಿಳಾಸ, ಫೋನ್ ನಂಬರು.

ಒಂದೊಂದಕ್ಕೆ ಐದು ಸೆಕೆಂಡು. ಕೊನೆಯ ಐದನ್ನು ಕಡಿಮೆ ಮಾಡಬೇಡಿ, ಫೋನ್ ನಂಬರು ಓದಿ ಮುಗಿಸಲು ಅಷ್ಟು ಹೊತ್ತು ಬೇಕು. ಮಾತಿಗೂ ಮಿತಿ ಇದೆ. ಕನ್ನಡದಲ್ಲಿ ಆರಾಮಾಗಿ ಓದಿದರೆ ಸೆಕೆಂಡಿಗೆ ಸುಮಾರು ಎರಡು ಪದ. ಇಪ್ಪತ್ತು ಸೆಕೆಂಡಿಗೆ ನಲವತ್ತು ಪದ ಅಂದರೆ ಜಾಸ್ತಿಯೇ ಆಯಿತು, ನಾನು ಮೂವತ್ತಕ್ಕೆ ನಿಲ್ಲಿಸುತ್ತೇನೆ. ‘ಪಂಚಮಿಗೆ ಮಗಳು ಬರತಾಳ. ಉಡಿ ತುಂಬಾಕ ಸೀರಿ ತಂದೀರಿ?’ ಎಂದು ಶುರುವಾದರೆ ಅಂಗಡಿಯ ಹೆಸರಿಗೆ ಸಾಕಷ್ಟು ಜಾಗ ಉಳಿಯುತ್ತದೆ. ಐವತ್ತು ಬಗೆಯ ಸೀರೆಗಳ ಹೆಸರು ಹೇಳಿಸಬೇಕು ಎಂದು ಸಾಹುಕಾರರು ಬಯಸಿದರೆ, ಪದದ ಈ ಲೆಕ್ಕವನ್ನೇ ತೋರಿಸಿ. ಒಪ್ಪುತ್ತಾರೆ.

ಏನು ಸೇರಿದೆ, ಏನು ಸೇರಿಲ್ಲ

ಪತ್ರದ ಜೀವ ಇಲ್ಲಿದೆ. ಮೂರು ಒಪ್ಪಿಗೆಗಳನ್ನು ಹೀಗೆ ಬರೆಯಿರಿ:

> ಒಪ್ಪಿಗೆ 1: ಜಾಹೀರಾತಿನ ಮಾತು ಮತ್ತು ಸ್ಟೋರಿಬೋರ್ಡ್. ಅಂದರೆ ಯಾವ ದೃಶ್ಯದ ನಂತರ ಯಾವುದು ಎಂದು ಪೆನ್ಸಿಲಿನಲ್ಲಿ ಬರೆದ ಚಿತ್ರಗಳ ಹಾಳೆ. ಎರಡು ಸಲ ತಿದ್ದಿಕೊಡುತ್ತೇವೆ.
>
> ಒಪ್ಪಿಗೆ 2: ಬಣ್ಣದ ಚಿತ್ರಗಳು. ಸೀರೆ, ದಡಿ, ಸೆರಗು, ಮಗಳ ಮುಖ, ಅಂಗಡಿಯ ಬೋರ್ಡು. ಎರಡು ಸಲ ತಿದ್ದಿಕೊಡುತ್ತೇವೆ. ಇದನ್ನು ನೀವು ಒಪ್ಪಿದ ನಂತರವೇ ಚಿತ್ರಗಳಿಗೆ ಚಲನೆ ಕೊಡುತ್ತೇವೆ.
>
> ಒಪ್ಪಿಗೆ 3: ಮುಗಿದ ಜಾಹೀರಾತು, ಮೇಲೆ ನಮ್ಮ ಗುರುತಿನೊಂದಿಗೆ. ಈ ಹಂತದಲ್ಲಿ ಅಕ್ಷರ, ಫೋನ್ ನಂಬರು, ಸದ್ದಿನ ಏರಿಳಿತ ಒಂದು ಸಲ ತಿದ್ದಿಕೊಡುತ್ತೇವೆ.
>
> ಒಪ್ಪಿದ ಹಂತಕ್ಕೆ ಹಿಂದೆ ಹೋಗಬೇಕಾದರೆ ದಿನದ ಕೆಲಸಕ್ಕೆ ₹1,200. ಕೆಲಸ ಶುರು ಮಾಡುವ ಮೊದಲೇ ಎಷ್ಟು ದಿನ ಎಂದು ತಿಳಿಸುತ್ತೇವೆ.

ಇದನ್ನು ಓದಿ ಹೇಳುವಾಗ ಅವರ ವ್ಯಾಪಾರದ ಮಾತಿನಲ್ಲೇ ಬಿಡಿಸಿ. ಹಾಸು ಕಟ್ಟುವ ಮೊದಲು ಬಣ್ಣ ಬದಲಿಸಬಹುದು, ಅರ್ಧ ಸೀರೆ ನೇಯ್ದ ಮೇಲೆ ಬದಲಿಸಿದರೆ ಬಿಚ್ಚಬೇಕಾಗುತ್ತದೆ. ಸೀರೆ ವ್ಯಾಪಾರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೊಡುವ ಫೈಲುಗಳನ್ನೂ ಎಣಿಸಿ ಬರೆಯಿರಿ. ಮೊಬೈಲಿಗೆ ಉದ್ದನೆಯದು (1080×1920), ಅಂಗಡಿಯ ಟಿವಿ ಮತ್ತು ಕೇಬಲ್‌ಗೆ ಅಡ್ಡಲಾದದ್ದು (1920×1080), ಎರಡೂ MP4. ಅಡ್ಡಲಾದದ್ದನ್ನು ಸುಮ್ನೆ ಕತ್ತರಿಸಿದರೆ ಉದ್ದನೆಯದು ಆಗುವುದಿಲ್ಲ, ಅಂಗಡಿಯ ಹೆಸರೇ ಹೊರಗೆ ಹೋಗುತ್ತದೆ. ಎರಡಕ್ಕೂ ಚಿತ್ರಗಳನ್ನು ಬೇರೆಬೇರೆಯಾಗಿ ಜೋಡಿಸಬೇಕು. ಎರಡು ಬೇಕೋ ಒಂದು ಸಾಕೋ ಎಂದು ಮೊದಲೇ ಕೇಳಿ.

ಸೇರದೇ ಇರುವುದು: ಕೇಬಲ್‌ನವರಿಗೆ ಕೊಡುವ ಹಣ, ಮೊಬೈಲ್ ಜಾಹೀರಾತಿಗೆ ತುಂಬುವ ಹಣ, ಚಿತ್ರಮಂದಿರದಲ್ಲಿ ಹಾಕುವುದಾದರೆ ಅದಕ್ಕೆ ಬೇಕಾದ ಸೆನ್ಸಾರ್ ಪ್ರಮಾಣಪತ್ರದ ಖರ್ಚು. ಸಿನಿಮಾ ಹಾಡು ಹಾಕುವುದಿಲ್ಲ ಎಂದೂ ಬರೆಯಿರಿ. “ಆ ಹಾಡ ಹಾಕ್ರಿ, ಎಲ್ಲಾರಿಗೂ ಗೊತ್ತೈತಿ” ಎಂದು ಕೇಳುವವರು ಇದ್ದೇ ಇರುತ್ತಾರೆ. ಹಾಡಿನ ಹಕ್ಕು ಬೇರೆಯವರದು. ಅನುಮತಿ ಇಲ್ಲದೆ ಹಾಕಿದರೆ ಸಾಮಾಜಿಕ ಜಾಲತಾಣಗಳು ಸದ್ದು ಕತ್ತರಿಸಬಹುದು ಇಲ್ಲವೇ ವಿಡಿಯೊ ತೆಗೆದುಹಾಕಬಹುದು. ಅದೂ ಹಬ್ಬದ ವಾರದಲ್ಲೇ ಆದರೆ? ಪರವಾನಗಿ ಕೊಂಡ ಸಂಗೀತವನ್ನೇ ಹಾಕಿ, ಅದರ ರಶೀದಿಯನ್ನು ಅವರಿಗೂ ಒಂದು ಪ್ರತಿ ಕೊಡಿ.

ದಿನಗಳ ಲೆಕ್ಕ

ಹಬ್ಬದಿಂದ ಹಿಂದಕ್ಕೆ ಎಣಿಸಿ. ಪಂಚಮಿಗೆ ಎರಡು ವಾರ ಮೊದಲು ಜಾಹೀರಾತು ಹೊರಗೆ ಬರಬೇಕು. ಮಾಡಲು ನಾಲ್ಕು ವಾರ. ಪತ್ರ ಓದಿ ತೀರ್ಮಾನಿಸಲು ಅವರಿಗೆ ಒಂದು ವಾರ. ಅಂದರೆ ಹಬ್ಬಕ್ಕೆ ಏಳು ವಾರ ಇರುವಾಗಲೇ ಪತ್ರ ಅವರ ಕೈಯಲ್ಲಿರಬೇಕು.

ನಾಲ್ಕು ವಾರದಲ್ಲಿ ನಿಮ್ಮ ಕೈಕೆಲಸ ಹದಿನಾಲ್ಕು ದಿನ. ಉಳಿದದ್ದು ಅವರು ನೋಡಿ ಹೇಳುವ ದಿನ, ಧ್ವನಿ ಕೊಡುವವರು ಸಿಗುವ ದಿನ, ಕರೆಂಟು ಹೋಗುವ ದಿನ. ಈ ಕೆಲಸದಲ್ಲಿ ತಡವಾಗುವುದು ಜಾಸ್ತಿ ಒಪ್ಪಿಗೆಗೆ ಕಾಯುವಾಗಲೇ. ಅದಕ್ಕೇ ಈ ಸಾಲು ಬೇಕು:

> ಮುಂಗಡ ಮತ್ತು ಸೀರೆಯ ಫೋಟೊ ನಮ್ಮ ಕೈ ಸೇರಿದ ದಿನದಿಂದ 28 ದಿನ. ಪ್ರತಿ ಒಪ್ಪಿಗೆಯನ್ನು ಎರಡು ದಿನದೊಳಗೆ ತಿಳಿಸಬೇಕು. ಅದು ಎಷ್ಟು ದಿನ ತಡವಾದರೆ ಕೊನೆಯ ದಿನಾಂಕವೂ ಅಷ್ಟೇ ಮುಂದೆ ಹೋಗುತ್ತದೆ.

ಹಣದ ಲೆಕ್ಕ

ಸೆಕೆಂಡಿಗೆ ಇಷ್ಟು ಎಂದು ಬರೆಯಬೇಡಿ. ‘ಹತ್ತು ಸೆಕೆಂಡು ಮಾಡಿ, ಅರ್ಧ ತಗೊಳ್ಳಿ’ ಎಂಬ ಮಾತು ಬರುತ್ತದೆ. ಹತ್ತು ಸೆಕೆಂಡಾದರೂ ಮಗಳ ಚಿತ್ರ, ಸೀರೆಯ ಚಿತ್ರ, ಅಂಗಡಿಯ ಚಿತ್ರ ಬರೆಯಲೇಬೇಕು ಅಲ್ವಾ? ದಿನದ ಲೆಕ್ಕ ಹಾಕಿ. ಮಾತು, ಸ್ಟೋರಿಬೋರ್ಡಿಗೆ ಮೂರು ದಿನ. ಬಣ್ಣದ ಚಿತ್ರಗಳಿಗೆ ನಾಲ್ಕು. ಚಲನೆಗೆ ಐದು. ಧ್ವನಿ ಜೋಡಿಸಿ, ತಿದ್ದಿ, ಎರಡು ಅಳತೆಯಲ್ಲಿ ತೆಗೆಯಲು ಎರಡು. ಒಟ್ಟು ಹದಿನಾಲ್ಕು ದಿನ, ದಿನಕ್ಕೆ ₹1,200ರಂತೆ ₹16,800. ಧ್ವನಿ ಕೊಡುವವರಿಗೆ ₹2,000. ಸಂಗೀತದ ಪರವಾನಗಿಗೆ ₹1,200. ಒಟ್ಟು ₹20,000. ಈ ದರಗಳು ಉದಾಹರಣೆಗೆ ಹಾಕಿದ್ದು. ನಿಮ್ಮ ದಿನದ ಕೂಲಿ ಎಷ್ಟು ಎಂದು ನೀವೇ ಲೆಕ್ಕ ಹಾಕಬೇಕು. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ತೆರಿಗೆ ಎಂದು ಒಂದು ರೂಪಾಯಿಯೂ ಸೇರಿಸುವಂತಿಲ್ಲ. ಮಾಡಿಸಿದ್ದರೆ ಬೇರೆ ಸಾಲಿನಲ್ಲಿ ತೋರಿಸಿ.

ಹಣ ಬರುವುದನ್ನೂ ಒಪ್ಪಿಗೆಗಳಿಗೆ ಕಟ್ಟಿ. ಮುಂಗಡ ₹8,000. ಬಣ್ಣದ ಚಿತ್ರ ಒಪ್ಪಿದಾಗ ₹6,000. ಗುರುತಿಲ್ಲದ ಫೈಲು ಕೊಡುವ ಮೊದಲು ₹6,000. ಮುಂಗಡ ಇಸಿದುಕೊಳ್ಳಲು ಸಂಕೋಚ ಬೇಡ. ಸ್ಟೋರಿಬೋರ್ಡಿಗೆ ನಿಂತುಹೋದರೂ ನಿಮ್ಮ ಮೂರು ದಿನದ ಕೆಲಸ ಅದರಲ್ಲಿ ಬಂದಿರುತ್ತದೆ, ಉಳಿದದ್ದನ್ನು ಹಿಂದೆ ಕೊಡುವುದಾಗಿ ಬರೆದರೆ ಅವರಿಗೂ ಧೈರ್ಯ.

ಚೌಕಾಶಿ ಆಗೇ ಆಗುತ್ತದೆ. “ಹದಿನೈದಕ್ಕ ಮಾಡ್ರಿ” ಎಂದಾಗ ಅದೇ ಕೆಲಸವನ್ನು ಹದಿನೈದಕ್ಕೆ ಒಪ್ಪಬೇಡಿ. ಕೆಲಸ ಕಡಿಮೆ ಮಾಡಿ. ಜೋಕಾಲಿಯ ದೃಶ್ಯ ತೆಗೆದರೆ ಒಂದು ಚಿತ್ರದ ದಿನ, ಎರಡು ಚಲನೆಯ ದಿನ ಉಳಿಯುತ್ತವೆ, ₹3,600 ಇಳಿಯುತ್ತದೆ. ಲೆಕ್ಕ ಬಿಡಿಸಿ ಬರೆದಿದ್ದರೆ ಅವರೇ ಹಾಳೆಯ ಮೇಲೆ ಬೆರಳಿಟ್ಟು ‘ಇದು ಇರಲಿ, ಇದು ಬ್ಯಾಡ’ ಎನ್ನುತ್ತಾರೆ.

ಸಹಿ ಮತ್ತು ಫೋಟೊ

ಕೊನೆಗೆ ಪತ್ರ ಎಷ್ಟು ದಿನ ಚಾಲ್ತಿ ಎಂದು ದಿನಾಂಕ ಹಾಕಿ. ಮುಗಿದ ಜಾಹೀರಾತನ್ನು ಅವರು ಎಷ್ಟು ವರ್ಷ ಬೇಕಾದರೂ ತೋರಿಸಬಹುದು, ಆದರೆ ಚಿತ್ರಗಳ ಮೂಲ ಫೈಲು ನಿಮ್ಮ ಬಳಿಯೇ ಇರುತ್ತದೆ ಎಂದು ಒಂದು ಸಾಲು ಇರಲಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಎರಡಕ್ಕೂ ಇಬ್ಬರ ಸಹಿ ಹಾಕಿ.

ಸಹಿಯಾದ ದಿನವೇ ಒಂದು ಸೀರೆ ಕೇಳಿ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಅಲ್ಲಿ ದಡಿಯ ಕೆಂಪು ಬೇರೆಯಾಗಿ ಕಾಣುತ್ತದೆ. ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಬೆಳಕಿನಲ್ಲಿ ಸೆರಗು ಪೂರ್ತಿ ಹಾಸಿ, ನೇರವಾಗಿ ಮೇಲಿನಿಂದ ಫೋಟೊ ತೆಗೆಯಿರಿ. ದಡಿಯದ್ದು ಹತ್ತಿರದಿಂದ ಇನ್ನೊಂದು. ಆಮೇಲೆ ಮನೆಯ ಹಿರಿಯರಿಗೆ ಆ ಫೋಟೊ ತೋರಿಸಿ, “ಇದೇ ಸೆರಗು ಹೌದಲ್ರೀ ಅಮ್ಮಾರ?” ಎಂದು ಕೇಳಿ, ಹೌದು ಅನ್ನಿಸಿಕೊಂಡೇ ಅಂಗಡಿಯ ಮೆಟ್ಟಿಲು ಇಳಿಯಿರಿ.