ಪುಣೆಯಲ್ಲಿ ಕೆಲಸ ಹುಡುಕುವಾಗ ನಾನು ಬರೆದ ಮೂರು ಕಾಗದಗಳು

2018ರಲ್ಲಿ, ಮಗಳಿಗಾಗಿ ತೆಗೆದುಕೊಂಡಿದ್ದ ಎರಡು ವರ್ಷದ ಬಿಡುವು ಮುಗಿಸಿ, ನಾನು ಮತ್ತೆ ಕೆಲಸ ಹುಡುಕಲು ಕುಳಿತೆ. ಕಂಪ್ಯೂಟರಿನಲ್ಲಿ ಒಂದು ಹಳೆಯ ಬಯೋಡಾಟಾ ಇತ್ತು. ಅದರ ಮೂಲ ನನ್ನ ಮದುವೆಗೆಂದು ಅಪ್ಪ ಧಾರವಾಡದ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದು. ರಾಶಿ, ನಕ್ಷತ್ರ, ಗೋತ್ರ ತೆಗೆದು, ಓದು ಮತ್ತು ಕೆಲಸದ ವಿವರ ಸೇರಿಸುತ್ತ ಹೋಗಿದ್ದೆ. ಅಷ್ಟು ಹೊತ್ತಿಗೆ ಅದು ನಾಲ್ಕು ಪುಟ ಆಗಿತ್ತು. ತಂದೆಯ ಹೆಸರು, ಜನ್ಮದಿನಾಂಕ, ಗಂಡನ ಉದ್ಯೋಗ, ಹವ್ಯಾಸ, ಕೊನೆಯಲ್ಲಿ ‘ಮೇಲಿನ ವಿವರಗಳು ಸತ್ಯ’ ಎಂಬ ಘೋಷಣೆ, ಸಹಿಗೆ ಜಾಗ, ಎಲ್ಲವೂ ಅದರಲ್ಲಿದ್ದವು.

ಅದನ್ನೇ ಮೂರು ಕಡೆ ಕಳುಹಿಸಿದೆ. ಒಂದು ಔಷಧ ತಯಾರಿಸುವ ಕಂಪನಿ, ಒಂದು ಸಂಶೋಧನಾ ಸಂಸ್ಥೆ, ಇನ್ನೊಂದು ಟ್ರಸ್ಟ್ ನಡೆಸುವ ಕಾಲೇಜಿನ ಪ್ರಯೋಗಾಲಯ. ಮೊದಲ ಎರಡರಿಂದ ಉತ್ತರವೇ ಬರಲಿಲ್ಲ. ಮೂರನೆಯದು ಅಂಚೆಯಲ್ಲಿ ಹಿಂದಕ್ಕೆ ಬಂತು.

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಕಾಕಾ ಒಬ್ಬರಿದ್ದಾರೆ. ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಬಹಳ ವರ್ಷ ಜನರನ್ನು ಆರಿಸಿದವರು. ಅವರಿಗೆ ನಾಲ್ಕು ಪುಟ ತೋರಿಸಿದೆ. ಅವರು ಓದಲೇ ಇಲ್ಲ. “ತಂಗಿ, ಇದನ್ನು ಕೈಗೆ ತೆಗೆದುಕೊಂಡವರು ಇದರಿಂದ ಏನು ಮಾಡಬೇಕಾಗಿದೆ ಎಂದು ಮೊದಲು ಹೇಳು” ಎಂದರು. ನನಗೆ ಹೇಳಲಾಗಲಿಲ್ಲ. ಅಂದು ಸಂಜೆ ಅವರು ವಿವರಿಸಿದ್ದು ಇಷ್ಟು: ಕಂಪನಿಯವರು ನೂರಾರು ಕಾಗದಗಳಲ್ಲಿ ಯಾರನ್ನು ಕರೆಯಬೇಕೆಂದು ಬೇಗ ಆರಿಸುತ್ತಾರೆ, ಅವರಿಗೆ ರೆಸ್ಯೂಮೆ ಬೇಕು. ಸಂಶೋಧನಾ ಸಂಸ್ಥೆಯವರು ನೀನು ಮಾಡಿದ ಕೆಲಸವನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ, ಅವರಿಗೆ ಸಿ.ವಿ. ಬೇಕು. ಕಾಲೇಜಿನ ಗುಮಾಸ್ತರು ನೀನು ಅರ್ಹಳೋ ಅಲ್ಲವೋ ಎಂದು ಪ್ರಮಾಣಪತ್ರಗಳ ಜೊತೆ ತಾಳೆ ನೋಡುತ್ತಾರೆ, ಅವರಿಗೆ ಬಯೋಡಾಟಾ ಬೇಕು.

ಮೊದಲು ರೆಸ್ಯೂಮೆ ಬರೆದೆ. ಅದು ಫ್ರೆಂಚ್ ಮಾತು, ಸಾರಾಂಶ ಎಂದು ಅರ್ಥ. ನಾಲ್ಕು ವರ್ಷದ ಅನುಭವಕ್ಕೆ ಒಂದು ಪುಟ ಸಾಕು ಎಂದರು ಕಾಕಾ. ಮೇಲೆ ಹೆಸರು, ಮೊಬೈಲ್, ಇ–ಮೇಲ್, ‘ಪುಣೆ’ ಎಂಬ ಊರ ಹೆಸರು, ಅಷ್ಟೇ. ತಂದೆಯ ಹೆಸರು, ಜನ್ಮದಿನಾಂಕ, ವಿವಾಹಿತೆ ಎಂಬುದು, ಭಾವಚಿತ್ರ, ಘೋಷಣೆ ಎಲ್ಲವನ್ನೂ ತೆಗೆದೆ. ಆರಿಸುವವರಿಗೆ ಇವು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಮದುವೆಯಾದ, ಚಿಕ್ಕ ಮಗುವಿರುವ ಹೆಣ್ಣುಮಗಳು ಎಂದು ಓದಿದ ಕೂಡಲೇ ಮನಸ್ಸಿನಲ್ಲೇ ಬದಿಗೆ ಸರಿಸುವವರಿಗೆ ನಾನೇ ಕಾರಣ ಒದಗಿಸಿದಂತಾಗುತ್ತದೆ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಹೆಚ್ಚು ಸಮಯ ಹಿಡಿದದ್ದು ಕೆಲಸದ ವಿವರ. ನಾನು ಮೊದಲು ಬರೆದಿದ್ದ ಸಾಲಿನ ಅರ್ಥ, ‘ಗುಣಮಟ್ಟ ನಿಯಂತ್ರಣ ವಿಭಾಗದಲ್ಲಿ ಮಾದರಿಗಳ ವಿಶ್ಲೇಷಣೆಯ ಜವಾಬ್ದಾರಿ’. ಇದನ್ನು ಆ ವಿಭಾಗದಲ್ಲಿ ಒಂದು ದಿನ ಕೆಲಸ ಮಾಡಿದವರೂ ಬರೆಯಬಹುದು. ಕಾಕಾ ಕೇಳುತ್ತ ಹೋದರು: ಯಾವ ಉಪಕರಣ, ಎಷ್ಟು ಔಷಧ, ದಿನಕ್ಕೆ ಎಷ್ಟು ಮಾದರಿ, ಆಡಿಟ್ ಎದುರಿಸಿದ್ದೀಯಾ? ಕೊನೆಗೆ ಆ ಸಾಲು ಮೂರಾಯಿತು. ಎಚ್‌ಪಿಎಲ್‌ಸಿ ಉಪಕರಣದಲ್ಲಿ ಆರು ಬಗೆಯ ಮಾತ್ರೆಗಳ ಔಷಧಾಂಶ ಮತ್ತು ಕಲ್ಮಶಗಳ ಪರೀಕ್ಷೆ, ದಿನಕ್ಕೆ ಎಂಟರಿಂದ ಹತ್ತು ಮಾದರಿ. 40 ಡಿಗ್ರಿ ಸೆಲ್ಸಿಯಸ್, ಶೇಕಡಾ 75 ತೇವಾಂಶದಲ್ಲಿ ಇಟ್ಟ ಸ್ಥಿರತಾ ಮಾದರಿಗಳ ಪರೀಕ್ಷೆ. ಎರಡು ಪರೀಕ್ಷಾ ವಿಧಾನಗಳ ವ್ಯಾಲಿಡೇಶನ್‌ನಲ್ಲಿ ಭಾಗ, ಮತ್ತು ವಿದೇಶಿ ತಪಾಸಕರ ಮುಂದೆ ದಾಖಲೆಗಳನ್ನು ನಾನೇ ತೋರಿಸಿದ್ದು. ಈ ಕ್ಷೇತ್ರದವರು ಇಷ್ಟನ್ನು ಓದಿದರೆ ನನ್ನನ್ನು ಯಾವ ಮೇಜಿನ ಮುಂದೆ ಕೂರಿಸಬಹುದೆಂದು ಅವರಿಗೆ ಗೊತ್ತಾಗುತ್ತದೆ.

ಬಿಡುವಿನ ಎರಡು ವರ್ಷವನ್ನು ಮುಚ್ಚಿಡಲು ನಾನು ತಿಂಗಳುಗಳನ್ನು ತೆಗೆದು ಬರೀ ಇಸವಿ ಬರೆದಿದ್ದೆ. ಕಾಕಾ ಒಪ್ಪಲಿಲ್ಲ. ತಿಂಗಳಿಲ್ಲದ ಇಸವಿ ಕಂಡರೆ ಓದುವವರು ಮೊದಲು ಹುಡುಕುವುದೇ ಬಿಡುವನ್ನು. ತಿಂಗಳುಗಳನ್ನು ಬರೆದು, ‘2016–2018: ಮಗುವಿನ ಆರೈಕೆಗಾಗಿ ಬಿಡುವು’ ಎಂದು ಒಂದೇ ಸಾಲು ಹಾಕಿದೆ. ಸಂದರ್ಶನದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಬಂತು, ಮುಗಿಯಿತು. ಈಗಿನ ಸಂಬಳ ಮತ್ತು ನೋಟಿಸ್ ಅವಧಿಯನ್ನು ರೆಸ್ಯೂಮೆಯಲ್ಲಿ ಬರೆಯಬಾರದು, ಅವರು ಕೇಳಿದಾಗ ಇ–ಮೇಲಿನಲ್ಲಿ ತಿಳಿಸಿದರೆ ಸಾಕು.

ಇನ್ನೊಂದು ತಪ್ಪು ನನಗೇ ಕಂಡಿತು. ನನ್ನ ಹಳೆಯ ಕಡತ ಎರಡು ಅಂಕಣದ ಕೋಷ್ಟಕದಲ್ಲಿತ್ತು. ದೊಡ್ಡ ಕಂಪನಿಗಳಲ್ಲಿ ನಾವು ಕಳುಹಿಸಿದ್ದನ್ನು ಮೊದಲು ತಂತ್ರಾಂಶ ಓದಿ ಹೆಸರು, ಅನುಭವ, ಕೌಶಲಗಳನ್ನು ಬೇರ್ಪಡಿಸುತ್ತದೆ. ಪಿಡಿಎಫ್ ತೆರೆದು, ಎಲ್ಲ ಅಕ್ಷರಗಳನ್ನು ನಕಲು ಮಾಡಿ Notepadನಲ್ಲಿ ಅಂಟಿಸಿ ನೋಡಿದೆ. ಕಂಪನಿಯ ಹೆಸರುಗಳು ಒಂದೆಡೆ, ದಿನಾಂಕಗಳು ಇನ್ನೊಂದೆಡೆ ಚದುರಿದ್ದವು. ಕೋಷ್ಟಕ ಬಿಟ್ಟು ಮೇಲಿನಿಂದ ಕೆಳಕ್ಕೆ ಸರಳವಾಗಿ ಬರೆದೆ, ಮೊಬೈಲ್ ಸಂಖ್ಯೆಯನ್ನು ಪುಟದ ತಲೆಪಟ್ಟಿಯಿಂದ ಇಳಿಸಿ ಪುಟದ ಒಳಗೇ ಇಟ್ಟೆ. ಮತ್ತೆ ಅಂಟಿಸಿದಾಗ ಎಲ್ಲವೂ ಕ್ರಮವಾಗಿ ಬಂತು. ಮುದ್ರಿಸಿ ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳುಹಿಸುವವರನ್ನು ಇಂದಿಗೂ ನೋಡುತ್ತೇನೆ. ಅಂಥ ಕಡತದಿಂದ ನಕಲು ಮಾಡಲು ಒಂದು ಅಕ್ಷರವೂ ಸಿಗುವುದಿಲ್ಲ, ಅದು ಬರೀ ಚಿತ್ರ.

ಸಿ.ವಿ. ಎಂದರೆ ಕರಿಕ್ಯುಲಮ್ ವಿಟೇ, ಲ್ಯಾಟಿನ್‌ನಲ್ಲಿ ಬದುಕಿನ ಹಾದಿ ಎಂದು ಅರ್ಥ. ಅದಕ್ಕೆ ಪುಟಗಳ ಮಿತಿಯಿಲ್ಲ. ಮದುವೆಗೆ ಮೊದಲು ಒಂದು ವರ್ಷ ನಾನು ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯೊಂದರಲ್ಲಿ ಕೆಲಸ ಮಾಡಿದ್ದೆ. ಕಂಪನಿಯ ರೆಸ್ಯೂಮೆಯಲ್ಲಿ ಅದಕ್ಕೆ ಒಂದು ಸಾಲು ಕೊಟ್ಟಿದ್ದೆ. ಸಂಶೋಧನಾ ಸಂಸ್ಥೆಯ ಸಿ.ವಿ.ಯಲ್ಲಿ ಅದೇ ಮೊದಲ ಪುಟಕ್ಕೆ ಬಂತು. ಎಂ.ಎಸ್ಸಿ. ಪ್ರಬಂಧದ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ಸ್ವತಃ ನಡೆಸಿದ ಉಪಕರಣಗಳು, ಮಂಡಿಸಿದ ಪೋಸ್ಟರ್, ಪ್ರಕಟವಾದ ಲೇಖನ, ನನ್ನ ಕೆಲಸವನ್ನು ಬಲ್ಲ ಮೂವರ ವಿಳಾಸ ಎಲ್ಲವನ್ನೂ ಬರೆದೆ. ಆ ಮೂವರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆ. ಲೇಖನದ ಎಲ್ಲ ಲೇಖಕರ ಹೆಸರನ್ನೂ ಅಚ್ಚಾದ ಕ್ರಮದಲ್ಲೇ ಬರೆಯಬೇಕು. ನನ್ನ ಹೆಸರು ಮೂರನೆಯದು, ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಮುಂದಕ್ಕೆ ತರಲಿಲ್ಲ.

ಅಲ್ಲಿಯೇ ಒಂದು ಕಡೆ ಎಡವಿದೆ. ಕಳುಹಿಸಿದ್ದರೂ ಇನ್ನೂ ಒಪ್ಪಿಗೆಯಾಗದ ಎರಡನೆಯ ಲೇಖನವನ್ನೂ ‘ಪ್ರಕಟಣೆಗಳು’ ಎಂಬ ತಲೆಬರಹದ ಕೆಳಗೇ ಸೇರಿಸಿದ್ದೆ. ಸಂದರ್ಶನದಲ್ಲಿ ಒಬ್ಬರು ಪತ್ರಿಕೆಯ ಸಂಪುಟ, ಪುಟಸಂಖ್ಯೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ, ಆಮೇಲೆ ಅವರು ಮೊದಲ ಲೇಖನದ ಬಗ್ಗೆಯೂ ಅನುಮಾನದಿಂದಲೇ ಕೇಳಿದರು. ಪ್ರಕಟವಾದದ್ದು, ಒಪ್ಪಿಗೆಯಾದದ್ದು, ಪರಿಶೀಲನೆಯಲ್ಲಿರುವುದು, ಮೂರನ್ನೂ ಬೇರೆ ಬೇರೆ ಬರೆಯಬೇಕಿತ್ತು. ಅದೇ ರೀತಿ ಗೇಟ್ ಪರೀಕ್ಷೆಯ ಅಂಕದ ಜೊತೆ ಇಸವಿ ಹಾಕದಿದ್ದರೆ ಅದು ಪೂರ್ತಿ ಮಾಹಿತಿಯಲ್ಲ, ಏಕೆಂದರೆ ಆ ಅಂಕಕ್ಕೆ ಮೂರೇ ವರ್ಷದ ಮಾನ್ಯತೆ.

ಒಂದು ಎಚ್ಚರಿಕೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಕಂಪನಿ ಕೆಲಸಕ್ಕೆ ಕೊಡುವ ಚಿಕ್ಕ ಕಾಗದವನ್ನೂ ಸಿ.ವಿ. ಎಂದೇ ಕರೆಯುತ್ತಾರೆ. ಪುಣೆಯ ಸುತ್ತ ಯುರೋಪಿನ ಕಂಪನಿಗಳು ಬಹಳ ಇವೆ. ಅಲ್ಲಿಂದ ‘ಸಿ.ವಿ. ಕಳುಹಿಸಿ’ ಎಂದು ಬಂದರೆ ಒಂದೆರಡು ಪುಟದ ರೆಸ್ಯೂಮೆಯನ್ನೇ ಕಳುಹಿಸಬೇಕು.

ಕಾಲೇಜಿನಿಂದ ಹಿಂದಕ್ಕೆ ಬಂದ ಬಯೋಡಾಟಾದ ವಿಷಯ ಬೇರೆ. ಅಲ್ಲಿ ನಾನು ಕಡಿಮೆ ಬರೆದಿರಲಿಲ್ಲ, ಹೆಸರನ್ನು ತಪ್ಪು ಬರೆದಿದ್ದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಇರುವುದು ಒಂದು ಇನಿಷಿಯಲ್ ಮಾತ್ರ. ಮಹಾರಾಷ್ಟ್ರದ ನಮೂನೆಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು ಎಂದು ಮೂರು ಮನೆಗಳಿರುತ್ತವೆ. ನಾನು ಗಂಡನ ಅಡ್ಡಹೆಸರು ಬರೆದೆ, ಆಧಾರ್‌ನಲ್ಲಿಯೂ ಹಾಗೆಯೇ ಇತ್ತು. ಗುಮಾಸ್ತರ ಮೇಜಿನ ಮೇಲೆ ಒಬ್ಬಳೇ ಹೆಂಗಸು ಇಬ್ಬರಾಗಿದ್ದಳು, ಇಬ್ಬರನ್ನು ಜೋಡಿಸುವ ಕಾಗದ ಇರಲಿಲ್ಲ. ಆಮೇಲೆ ವಿವಾಹ ನೋಂದಣಿ ಪತ್ರದ ಪ್ರತಿ ಲಗತ್ತಿಸಿ, ಹೆಸರಿನ ಕೆಳಗೆ ‘ಅಂಕಪಟ್ಟಿಯಲ್ಲಿರುವಂತೆ’ ಎಂದು ಹಳೆಯ ಹೆಸರನ್ನೂ ಬರೆದು ಮತ್ತೆ ಕಳುಹಿಸಿದೆ, ಸ್ವೀಕರಿಸಿದರು. ಕೆಲವು ಕಚೇರಿಗಳು ರಾಜ್ಯಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಿದ ಪ್ರತಿಯನ್ನೇ ಕೇಳುತ್ತವೆ. ಕರ್ನಾಟಕದಿಂದ ಇಲ್ಲಿಗೆ ಬಂದ ಎಷ್ಟೋ ಹೆಣ್ಣುಮಕ್ಕಳು ಈ ಒಂದೇ ಕಾರಣಕ್ಕೆ ಅಲೆಯುವುದನ್ನು ಕಂಡಿದ್ದೇನೆ.

ಬಯೋಡಾಟಾದಲ್ಲಿ ಜನ್ಮದಿನಾಂಕ ಏಕೆ ಬೇಕೆಂಬುದೂ ಆಗ ಅರ್ಥವಾಯಿತು. ಆ ಹುದ್ದೆಗೆ ವಯೋಮಿತಿ ಇರುತ್ತದೆ, ಜಾಹೀರಾತಿನಲ್ಲಿ ಹೇಳಿದ ದಿನಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆ. ಜಾತಿಯ ವರ್ಗ ಕೇಳುವುದು ಮೀಸಲಾತಿಗಾಗಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಹಿಡಿದು ಮಹಾರಾಷ್ಟ್ರ ಸರ್ಕಾರದ ಹುದ್ದೆಯಲ್ಲಿ ಮೀಸಲಾತಿ ಪಡೆಯಲಾಗುವುದಿಲ್ಲ, ವಲಸೆ ಬಂದವರನ್ನು ಸಾಮಾನ್ಯ ವರ್ಗದಲ್ಲೇ ಎಣಿಸುತ್ತಾರೆ. ಇಲ್ಲಿನ ಘೋಷಣೆ ಮತ್ತು ಸಹಿಗೂ ಬೆಲೆಯಿದೆ, ಬರೆದದ್ದು ಸುಳ್ಳೆಂದು ಕಂಡರೆ ನೇಮಕವೇ ರದ್ದಾಗಬಹುದು. ಅವರೇ ನಮೂನೆ ಕೊಟ್ಟಿದ್ದರೆ ಒಂದು ಮನೆಯನ್ನೂ ಬದಲಿಸಬಾರದು. ಕೇಂದ್ರ ಸರ್ಕಾರದ ನಿಯೋಜನೆಯ ಹುದ್ದೆಗಳ ನಮೂನೆಗೆ ‘ಬಯೋಡಾಟಾ / ಕರಿಕ್ಯುಲಮ್ ವಿಟೇ’ ಎಂದು ಎರಡೂ ಹೆಸರಿರುತ್ತವೆ. ಅದರಲ್ಲಿ ಒಂದು ಕಡೆ ಬೇಕಾದ ಅರ್ಹತೆ, ಎದುರಿಗೆ ನಮ್ಮಲ್ಲಿರುವ ಅರ್ಹತೆ ಬರೆಯುತ್ತೇವೆ. ತಾಳೆ ನೋಡುವ ಕೆಲಸ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಜಾಹೀರಾತಿನಲ್ಲಿರುವ ಹೆಸರಿಗಿಂತ ಅದರ ಸುತ್ತಲಿನ ಮಾತುಗಳನ್ನು ನಾನು ಈಗ ನೋಡುತ್ತೇನೆ. ಸಂಬಳ, ನೋಟಿಸ್ ಅವಧಿ ಕೇಳಿದ್ದರೆ ರೆಸ್ಯೂಮೆ. ಪ್ರಕಟಣೆಗಳ ಪಟ್ಟಿ, ಪರಿಚಯಸ್ಥ ವಿದ್ವಾಂಸರ ವಿಳಾಸ ಕೇಳಿದ್ದರೆ ಸಿ.ವಿ. ದೃಢೀಕರಿಸಿದ ಪ್ರತಿಗಳು, ವಯೋಮಿತಿ, ಕೊನೆಯ ದಿನಾಂಕ ಇದ್ದರೆ ಬಯೋಡಾಟಾ. ನನಗೆ ಕೊನೆಗೆ ಕೆಲಸ ಸಿಕ್ಕಿದ್ದು ಒಂದು ಪುಟದ ರೆಸ್ಯೂಮೆಯಿಂದ, ಚಾಕಣ ರಸ್ತೆಯ ಒಂದು ಪ್ರಯೋಗಾಲಯದಲ್ಲಿ.

ಆದರೆ ಈ ಮೂರಕ್ಕೂ ಸೇರದ ಒಂದು ಬಯೋಡಾಟಾ ಇದೆ. ಕಳೆದ ವರ್ಷ ವಿಜಯಪುರದಿಂದ ನನ್ನ ಅಣ್ಣನ ಮಗ ಐಟಿಐ ಫಿಟ್ಟರ್ ಮುಗಿಸಿ ಬಂದ. ಭೋಸರಿಯ ಚಿಕ್ಕ ಕಾರ್ಖಾನೆಯ ಮಾಲೀಕರು ‘ಬಯೋಡಾಟಾ ತೆಗೆದುಕೊಂಡು ಬಾ’ ಎಂದಿದ್ದರು. ಅಲ್ಲಿ ಮಾಲೀಕರೇ ಓದುತ್ತಾರೆ, ನಿಂತಲ್ಲೇ. ಅವರಿಗೆ ಬೇಕಾದದ್ದು ಯಾವ ಯಂತ್ರ ಗೊತ್ತು, ಅಳತೆ ತೆಗೆಯಲು ವರ್ನಿಯರ್, ಮೈಕ್ರೊಮೀಟರ್ ಬರುತ್ತದೆಯೇ, ಮರಾಠಿ ಅರ್ಥವಾಗುತ್ತದೆಯೇ, ಬೆಳಗಿನ ಪಾಳಿಗೆ ಸಮಯಕ್ಕೆ ಬರುವಷ್ಟು ಹತ್ತಿರ ಇದ್ದಾನೆಯೇ ಎಂಬುದು. ಕಂಪನಿಯ ರೆಸ್ಯೂಮೆಯಲ್ಲಿ ನಾನು ತೆಗೆದುಹಾಕಿದ್ದ ವಿಳಾಸವನ್ನು ಇಲ್ಲಿ ಮೇಲೆಯೇ ಬರೆಸಿದೆ. “ಅತ್ತೆ, ರೂಮಿನ ವಿಳಾಸ ಯಾಕೆ, ಊರಿನದು ಸಾಲದೇ?” ಎಂದು ಕೇಳಿದ. ಲಾಂಡೇವಾಡಿಯ ರೂಮಿನ ವಿಳಾಸ ಹಾಕಿ, ‘ಕಾರ್ಖಾನೆಗೆ ನಡೆದು 15 ನಿಮಿಷ’ ಎಂದು ಸೇರಿಸಿ, ಎರಡು ಪ್ರತಿ ಮುದ್ರಿಸಿ ಕೊಟ್ಟೆ. ಮಾಲೀಕರು ಮೊದಲು ಓದಿದ್ದೇ ಆ ಸಾಲಂತೆ.